ನಿಮ್ಮ ಡಿಸ್ಪ್ಲೇ ಫಾಂಟನ್ನ ಪ್ಯಾಕೇಜಿಂಗ್‌ಗೆ ಬಳಸೋಕೆ ಲೈಸೆನ್ಸ್ ವಿಸ್ತರಿಸಿ ಕೊಡಬೇಕು ಅಂತ ಕೋರಿಕೆ

ಲೈಸೆನ್ಸ್ ವಿಷಯ ನೋಡ್ಕೊಳ್ಳೋ ಟೀಮ್‌ಗೆ ನಮಸ್ಕಾರ,

ಎರಡು ವರ್ಷದ ಹಿಂದೆ ನಿಮ್ಮ ಗುಂಡನೆ ಡಿಸ್ಪ್ಲೇ ಫ್ಯಾಮಿಲಿಯ ಮೀಡಿಯಂ ಮತ್ತು ಬೋಲ್ಡ್ ನಾನು ತಗೊಂಡಿದ್ದೆ, ಡೆಸ್ಕ್‌ಟಾಪ್ ಲೈಸೆನ್ಸ್, ಎರಡು ಕಂಪ್ಯೂಟರ್‌ಗೆ. ಇನ್ವಾಯ್ಸ್ ಕಾಪಿ ಜೊತೆಗೆ ಅಟ್ಯಾಚ್ ಮಾಡಿದೀನಿ, ಅದರಲ್ಲಿರೋ ಹೆಸರು ನನ್ನದೇ. ಅವತ್ತಿಂದ ಪೋಸ್ಟರ್, ಪುಸ್ತಕದ ಮುಖಪುಟ, ಆಮಂತ್ರಣ ಪತ್ರಿಕೆ ಅಂತ ಬಳಸ್ತಾ ಬಂದಿದೀನಿ, ಎಲ್ಲೂ ತೊಂದರೆ ಆಗಿಲ್ಲ. ಈಗ ಕೆಲಸದ ಸ್ವರೂಪನೇ ಬೇರೆ, ಅದಕ್ಕೆ ಪ್ರಿಂಟ್‌ಗೆ ಕಳಿಸೋ ಮೊದಲೇ ಬರೀತಾ ಇದೀನಿ.

ನನ್ನ ಕ್ಲೈಂಟ್ ಸೋಪ್ ಮಾಡೋ ಒಂದು ಸಣ್ಣ ಕಂಪನಿ. ಅವರಿಗೆ ಹೊಸ ಪ್ಯಾಕ್ ಡಿಸೈನ್ ಮಾಡಿಕೊಟ್ಟೆ, ಹೆಸರು, ಪರಿಮಳದ ಹೆಸರು, ಮುಂಭಾಗದ ಸಾಲುಗಳು ಎಲ್ಲ ನಿಮ್ಮ ಫಾಂಟ್‌ನಲ್ಲೇ ಇದೆ. ಆರು ಪರಿಮಳ, ಮೂರು ಥರ ಪ್ಯಾಕ್: ಬಾರ್ ಸೋಪ್‌ಗೆ ಕಾರ್ಟನ್ ಬಾಕ್ಸ್, ಹ್ಯಾಂಡ್‌ವಾಶ್ ಬಾಟ್ಲಿಗೆ ಲೇಬಲ್, ರೀಫಿಲ್‌ಗೆ ಪೌಚ್. ಅಂದ್ರೆ ಒಟ್ಟು 18 ಆರ್ಟ್‌ವರ್ಕ್. ಕ್ಲೈಂಟ್‌ಗೆ ಡಿಸೈನ್ ತೋರಿಸಿದ ದಿನ ಬಾಕ್ಸ್ ಕೈಲಿ ಹಿಡ್ಕೊಂಡು ಮೊದಲು ಕೇಳಿದ್ದು ಈ ಅಕ್ಷರ ಯಾರದ್ದು ಅಂತ, ಬಣ್ಣದ ಬಗ್ಗೆ ಆಮೇಲೆ ಕೇಳಿದ್ರು.

ನನ್ನ ಹತ್ರ ಇರೋ ಲೈಸೆನ್ಸ್‌ನ ಕೂತ್ಕೊಂಡು ಪೂರ್ತಿ ಓದಿದೆ. ಮಾರಾಟಕ್ಕೆ ಹೋಗೋ ವಸ್ತು ಮೇಲೆ 10,000 ಕಾಪಿವರೆಗೆ ಮಾತ್ರ ಅಂತ ಇದೆ, ಲೋಗೋ ಬಗ್ಗೆ ಬೇರೆ ಒಪ್ಪಿಗೆ ಬೇಕು ಅಂತಿದೆ, ಫಾಂಟ್ ಫೈಲ್ ಮೂರನೆಯವರಿಗೆ ಕೊಡಬಾರದು ಅಂತಿದೆ. ಕ್ಲೈಂಟ್ ಮೊದಲ ರನ್‌ಗೇ ಬಾಕ್ಸ್ ಒಂದೇ 40,000 ಹೇಳ್ತಾ ಇದಾರೆ, ಸೋ ಈ ಲೈಸೆನ್ಸ್ ಮೊದಲ ವಾರಕ್ಕೇ ಸಾಲಲ್ಲ. ಇದನ್ನ ಮುಚ್ಚಿಟ್ಟು ಮುಂದೆ ಹೋಗೋಕೆ ನಂಗೆ ಇಷ್ಟ ಇಲ್ಲ. ಹಿಂದೆ ಒಂದ್ಸಲ ಬೇರೆ ಒಂದು ಫೌಂಡ್ರಿಯ ಫಾಂಟ್ ಹಾಕಿ ಲೇಬಲ್ ಮಾಡಿದ್ದೆ, ಪ್ಯಾಕೇಜಿಂಗ್ ಅದರಲ್ಲಿ ಸೇರಿಲ್ಲ ಅಂತ ಪ್ರಿಂಟ್ ಆಗಿ ಮಾಲು ಹೊರಟ ಮೇಲೆ ಗೊತ್ತಾಯ್ತು, ತಪ್ಪು ನನ್ನದೇ, ನಾನು ಓದಿರಲಿಲ್ಲ, ಕ್ಲೈಂಟ್ ಮುಂದೆ ನಿಂತು ಹೇಳೋದಿದ್ಯಲ್ಲ ಅದು ಇನ್ನೂ ಮರ್ತಿಲ್ಲ.

ಈಗ ನಂಗೆ ಏನು ಬೇಕು ಅಂತ ಬಿಡಿಸಿ ಹೇಳ್ತೀನಿ.

ಮುಖ್ಯವಾಗಿ ಕೇಳ್ತಿರೋದು ಏನಂದ್ರೆ ಕಾಪಿ ಲೆಕ್ಕ ಬಿಟ್ಟು ಪ್ರಾಡಕ್ಟ್ ಸಾಲಿನ ಲೆಕ್ಕದಲ್ಲಿ ಕೊಡಿ. ಯಾಕೆ ಅಂದ್ರೆ ಕಾಪಿನ ಎಣಿಸೋದೇ ಕಷ್ಟ. ಒಂದು ಸೋಪಿಗೆ ಒಳಗೆ ಒಂದು ರ‍್ಯಾಪರ್, ಹೊರಗೆ ಬಾಕ್ಸ್, ಅಂಗಡಿಗೆ ಹೋಗೋವಾಗ 24 ಬಾಕ್ಸ್ ಸೇರಿ ದೊಡ್ಡ ಕಾರ್ಟನ್, ಮೂರರ ಮೇಲೂ ಹೆಸರು ನಿಮ್ಮ ಅಕ್ಷರದಲ್ಲೇ. ಇದು ಒಂದು ಕಾಪಿನಾ, ಮೂರಾ? ಪ್ರೆಸ್‌ನಲ್ಲಿ ಮೇಕ್‌ರೆಡಿಗೆ ಹೋಗೋ ಶೀಟ್ ಎಣಿಸಬೇಕಾ ಬೇಡ್ವಾ? ಪೌಚ್ ಅಂತೂ ರೋಲ್‌ನಲ್ಲಿ ಬರತ್ತೆ, ಕೆಜಿ ಲೆಕ್ಕದಲ್ಲಿ ಬಿಲ್ ಆಗತ್ತೆ, ಪೀಸ್ ಲೆಕ್ಕ ಫ್ಯಾಕ್ಟರಿಯವರ ಹತ್ರನೂ ಸರಿಯಾಗಿ ಇರಲ್ಲ. ಪ್ರತಿ ತಿಂಗಳು ನಾನು ಅವರನ್ನ ಕೇಳಿ ನಿಮಗೆ ರಿಪೋರ್ಟ್ ಕಳ್ಸೋದು, ನೀವು ಅದನ್ನ ನಂಬೋದೋ ಬಿಡೋದೋ, ಯಾರಿಗೂ ನೆಮ್ಮದಿ ಇಲ್ಲ. ಅದರ ಬದಲು ಈ ಬ್ರ್ಯಾಂಡ್, ಈ ಮೂರು ಪ್ಯಾಕ್, ಈ ಆರು ಪರಿಮಳ, ಎಷ್ಟು ಪ್ರಿಂಟ್ ಆದ್ರೂ ಸರಿ ಅಂತ ಬರೆದು ಅದಕ್ಕೆ ನೀವು ಒಂದು ಕ್ವೋಟ್ ಹೇಳಿ. ಏಳನೇ ಪರಿಮಳ ಬಂದಾಗ ಮತ್ತೆ ನಿಮ್ಮನ್ನ ಕೇಳ್ತೀವಿ, ಅದಕ್ಕೆ ಸೇರಿಸೋ ದರನೂ ಈಗಲೇ ಹೇಳಿಬಿಟ್ರೆ ಕ್ಲೈಂಟ್‌ಗೆ ಲೆಕ್ಕ ಹಾಕ್ಕೊಳ್ಳೋಕೆ ಅನುಕೂಲ.

ಅವಧಿ ಬಗ್ಗೆ. ವರ್ಷ ವರ್ಷ ರಿನ್ಯೂ ಮಾಡೋ ಲೈಸೆನ್ಸ್ ವೆಬ್‌ಸೈಟ್‌ಗೆ ಸರಿ ಹೋಗ್ಬಹುದು, ಬೇಡ ಅಂದ ದಿನ ಫೈಲ್ ತೆಗೆದ್ರೆ ಆಯ್ತು. ಪ್ಯಾಕ್ ಹಂಗಲ್ಲ. ಇವತ್ತು ಪ್ರಿಂಟ್ ಆದ ಬಾಕ್ಸ್ ಗೋಡೌನ್‌ನಲ್ಲಿ ಕೂರತ್ತೆ, ಆಮೇಲೆ ಅಂಗಡಿ ಶೆಲ್ಫ್‌ನಲ್ಲಿ ಕೂರತ್ತೆ, ಲೈಸೆನ್ಸ್ ಮುಗೀತು ಅಂತ ಅದನ್ನ ವಾಪಸ್ ಕರೆಸೋಕೆ ಆಗಲ್ಲ. ಪೌಚ್‌ದು ಗ್ರೇವ್ಯೂರ್ ಪ್ರಿಂಟಿಂಗ್, ಒಂದೊಂದು ಬಣ್ಣಕ್ಕೆ ಒಂದೊಂದು ಸಿಲಿಂಡರ್ ಕೆತ್ತಿಸ್ತಾರೆ, ಬ್ರ್ಯಾಂಡ್ ಹೆಸರು ಗಾಢ ಬಣ್ಣದ ಒಳಗಿಂದ ಬಿಳಿಯಾಗಿ ಬರತ್ತೆ, ಆ ಗಾಢ ಬಣ್ಣ ಎರಡು ಇಂಕ್ ಸೇರಿ ಆಗಿರೋದು, ಸೋ ಅಕ್ಷರ ಬದಲಾಯಿಸಬೇಕು ಅಂದ್ರೆ ಒಂದು ಪೌಚ್‌ಗೆ ಎರಡು ಸಿಲಿಂಡರ್ ಹೊಸದಾಗಿ ಮಾಡಿಸ್ಬೇಕು, ಆರು ಪರಿಮಳಕ್ಕೆ ಹನ್ನೆರಡು. ಅದಕ್ಕೆ ಅವಧಿ ಇಲ್ಲದ ಲೈಸೆನ್ಸ್ ಕೇಳ್ತಾ ಇದೀನಿ, ಒಂದೇ ಸಲ ಕೊಡೋ ಮೊತ್ತ ಜಾಸ್ತಿ ಆದ್ರೂ ಕ್ಲೈಂಟ್ ಒಪ್ಪಿದಾರೆ. ಅದು ನಿಮ್ಮ ಪದ್ಧತಿಯಲ್ಲಿ ಇಲ್ಲ ಅಂದ್ರೆ, ಅವಧಿಯೊಳಗೆ ಪ್ರಿಂಟ್ ಆದ ಮಾಲು ಮುಗಿಯೋವರೆಗೂ ಮಾರಬಹುದು ಅನ್ನೋ ಒಂದು ಸಾಲಾದ್ರೂ ಇರಲೇಬೇಕು.

ಲೈಸೆನ್ಸ್ ಯಾರ ಹೆಸರಿಗೆ ಅನ್ನೋದೂ ಮುಖ್ಯ. ಪ್ಯಾಕೇಜಿಂಗ್ ಲೈಸೆನ್ಸ್ ಕ್ಲೈಂಟ್ ಕಂಪನಿ ಹೆಸರಿಗೇ ಬರ್ಲಿ, ನಾಳೆ ನಾನು ಈ ಕೆಲಸ ಬಿಟ್ರೂ ಅವರ ಬಾಕ್ಸ್ ಕಾನೂನುಬದ್ಧವಾಗಿ ಇರಬೇಕು. ನನ್ನ ಎರಡು ಸೀಟ್ ನನ್ನ ಹತ್ರನೇ ಇರಲಿ. ಅವರ ಆಫೀಸ್‌ನಲ್ಲಿ ಒಬ್ಬ ಡಿಸೈನರ್ ಇದಾರೆ, ಆಫರ್ ಸ್ಟಿಕ್ಕರು, ಸಣ್ಣ ಪುಟ್ಟ ಬದಲಾವಣೆ ಅವರೇ ಮಾಡ್ತಾರೆ, ಅವರಿಗೆ ಒಂದು ಡೆಸ್ಕ್‌ಟಾಪ್ ಸೀಟ್ ಬೇರೆಯಾಗಿ ಸೇರಿಸಿ. ನನ್ನ ಫೈಲನ್ನೇ ಅವರಿಗೆ ಕಳಿಸೋ ಕೆಲಸ ನಾನು ಮಾಡಲ್ಲ.

ಪ್ರಿಂಟರ್‌ಗಳ ವಿಷಯ ಸ್ವಲ್ಪ ಉದ್ದ ಇದೆ. ಮೂರು ಪ್ಯಾಕ್‌ಗೆ ಮೂರು ಪ್ರೆಸ್, ಬಾಕ್ಸ್ ಆಫ್‌ಸೆಟ್, ಲೇಬಲ್ ಫ್ಲೆಕ್ಸೋ, ಪೌಚ್ ಗ್ರೇವ್ಯೂರ್. ಎಲ್ಲರಿಗೂ ನಾನು ಅಕ್ಷರಗಳನ್ನ ಔಟ್‌ಲೈನ್ ಮಾಡಿದ ಪಿಡಿಎಫ್ ಕೊಡ್ತೀನಿ. ಕನ್ನಡಕ್ಕೆ ಇದು ಹೇಗಿದ್ರೂ ಬೇಕೇ ಬೇಕು, ಪ್ರೆಸ್‌ನವರ ಕಂಪ್ಯೂಟರ್‌ನಲ್ಲಿ ಇಂಡಿಕ್ ಕಂಪೋಸರ್ ಆನ್ ಇಲ್ಲದೆ ಲೈವ್ ಟೆಕ್ಸ್ಟ್ ತೆಗೆದ್ರೆ ಒತ್ತಕ್ಷರ ಎಲ್ಲ ಬಿಡಿಬಿಡಿಯಾಗಿ ಹೋಗತ್ತೆ. ಒಂದ್ಸಲ ಪ್ರೂಫ್‌ನಲ್ಲಿ "ಸೂಕ್ಷ್ಮ" ಅನ್ನೋದು ಕ ಒಂದು ಕಡೆ, ಷ ಒಂದು ಕಡೆ, ಮಧ್ಯೆ ಹಲಂತ ಗುರುತು ನೇತಾಡ್ಕೊಂಡು ಬಂದಿತ್ತು. ಆದ್ರೆ ಲೇಬಲ್ ಪ್ರೆಸ್‌ನವರು ಮಾತ್ರ ಹಿಂಬದಿಯ ಪದಾರ್ಥಗಳ ಪಟ್ಟಿ ಲೈವ್ ಆಗೇ ಇರಲಿ, ಕೊನೇ ಗಳಿಗೆಯಲ್ಲಿ ಬದಲಾವಣೆ ಬರ್ತಾ ಇರತ್ತೆ ಅಂತ ಕೇಳಿದ್ರು. ಅದಕ್ಕೆ ನಾನು ಒಪ್ಪಲಿಲ್ಲ, ಹಿಂಬದಿಗೆ ಓಪನ್ ಫಾಂಟ್ ಲೈಸೆನ್ಸ್‌ನ ಬೇರೆ ಫಾಂಟ್ ಹಾಕಿಬಿಟ್ಟೆ, ನಿಮ್ಮದು ಮುಂಭಾಗದಲ್ಲಿ ಮಾತ್ರ. ಬ್ಯಾಚ್ ನಂಬರು, ತಾರೀಕು ಹಾಕೋ ಇಂಕ್‌ಜೆಟ್ ಮಷೀನ್‌ಗೆ ಅದರದ್ದೇ ಚುಕ್ಕಿ ಅಕ್ಷರ ಇರತ್ತೆ, ಅಲ್ಲೂ ನಿಮ್ಮ ಫಾಂಟ್ ಹೋಗಲ್ಲ. ಹಂಗಾಗಿ ಪ್ರೆಸ್‌ಗೆ ಫಾಂಟ್ ಫೈಲ್ ಕಳಿಸೋ ಅನುಮತಿ ನಾನು ಕೇಳ್ತಾನೇ ಇಲ್ಲ. ಔಟ್‌ಲೈನ್ ಮಾಡಿದ ಫೈಲು, ಮತ್ತೆ ಕ್ಲೈಂಟ್ ಒಪ್ಪಿಗೆಗೆ ಕಳಿಸೋ ಪಿಡಿಎಫ್‌ನಲ್ಲಿ ಸಬ್‌ಸೆಟ್ ಎಂಬೆಡ್ ಆಗೋದು, ಈ ಎರಡಕ್ಕೆ ಒಪ್ಪಿಗೆ ಅಂತ ಸ್ಪಷ್ಟವಾಗಿ ಬರೆದ್ರೆ ಸಾಕು.

ಇನ್ನೊಂದು, ನಂಗೆ ಎಲ್ಲಕ್ಕಿಂತ ಮನಸ್ಸಿಗೆ ಹತ್ತಿರ ಇರೋ ವಿಷಯ. ಪೌಚ್‌ನ ಮುಂಭಾಗದಲ್ಲಿ "ಸೂಕ್ಷ್ಮ ಚರ್ಮಕ್ಕೆ" ಅಂತ ಒಂದು ಸಾಲಿದೆ, 9 ಪಾಯಿಂಟ್, ಬೋಲ್ಡ್, ಗಾಢ ಹಸಿರಿನ ಮೇಲೆ ಬಿಳಿ. ಆ ಕ್ಷ್ಮ ಇದ್ಯಲ್ಲ, ಕ ಕೆಳಗೆ ಷ, ಅದರ ಕೆಳಗೆ ಮ, ನೀವು ಅದನ್ನ ಎಷ್ಟು ಚೆನ್ನಾಗಿ ಕೂರಿಸಿದೀರ ಅಂದ್ರೆ ದೊಡ್ಡ ಸೈಜ್‌ನಲ್ಲಿ ನೋಡ್ತಾ ಕೂತ್ಕೊಳ್ಳೋಣ ಅನ್ಸತ್ತೆ, ಮ ಒತ್ತಿನ ಬಾಲ ಪಕ್ಕದ ಚ ಕೆಳಗೆ ನುಗ್ಗದ ಹಾಗೆ ಮೇಲಕ್ಕೆ ಸುತ್ತಿಕೊಂಡಿದೆ. ಆದ್ರೆ ಗ್ರೇವ್ಯೂರ್‌ನಲ್ಲಿ ಅಂಚೆಲ್ಲ ಸಣ್ಣ ಸಣ್ಣ ಸೆಲ್‌ಗಳಿಂದ ಆಗೋದು, ಅಂಚು ಗರಗಸದ ಥರ ಬರತ್ತೆ, ಬಿಳಿ ಅಕ್ಷರಕ್ಕೆ ಸುತ್ತಲಿಂದ ಇಂಕ್ ಒಳಗೆ ನುಗ್ಗತ್ತೆ. ಟೆಸ್ಟ್ ಪ್ರೂಫ್‌ನಲ್ಲಿ ಮ ಒತ್ತಿನ ಸಣ್ಣ ಗೆರೆ ಒಂದು ಕಡೆ ಮುರಿದೇ ಹೋಗಿತ್ತು, ಅರ್ಕಾವತ್ತಿನ ಕಣ್ಣು ಮುಚ್ಚಿಹೋಗಿತ್ತು, ಲೂಪ್ ಹಿಡಿದು ನೋಡಿದ್ರೆ ಅರ್ಧ ಚರ್ಮ ಅರ್ಧ ಚಮ. ನಿಮ್ಮ ಫಾಂಟ್‌ದು ತಪ್ಪಲ್ಲ ಇದು, ಡಿಸ್ಪ್ಲೇ ಸೈಜ್‌ಗೆ ಮಾಡಿದ್ದನ್ನ ನಾನು 9 ಪಾಯಿಂಟ್‌ಗೆ ಇಳಿಸ್ತಾ ಇದೀನಿ. ಸೈಜ್ ಏರಿಸೋಕೆ ಜಾಗ ಇಲ್ಲ. ಅದಕ್ಕೆ ಔಟ್‌ಲೈನ್ ಮಾಡಿದ ಮೇಲೆ ಆ ಒತ್ತುಗಳ ಗೆರೆನ ಸ್ವಲ್ಪ ದಪ್ಪ ಮಾಡಿ ಅರ್ಕಾವತ್ತಿನ ಕಣ್ಣನ್ನ ಸ್ವಲ್ಪ ಬಿಡಿಸೋಕೆ ಅನುಮತಿ ಬೇಕು. ಫಾಂಟ್ ಫೈಲ್ ಮುಟ್ಟಲ್ಲ, ಆ ಆರ್ಟ್‌ವರ್ಕ್‌ನಲ್ಲಿ ಮಾತ್ರ. ಮಾಡಿದ ಮೇಲೆ ನಿಮಗೆ ಕಳಿಸ್ತೀನಿ, ನೀವು ನೋಡಿ ಸರಿ ಅಂದ್ಮೇಲೇ ಮುಂದೆ ಹೋಗೋದು. ನೀವೇ ತಿದ್ದಿ ಕೊಡೋದಾದ್ರೆ ಇನ್ನೂ ಸಂತೋಷ, ಅದಕ್ಕೆ ಬೇರೆ ಚಾರ್ಜ್ ಆದ್ರೂ ಪರವಾಗಿಲ್ಲ, ಅಕ್ಷರ ಬರೆದವರ ಕೈಯಿಂದ ಬಂದಿದ್ದು ನನ್ನ ಕೈಯಿಂದ ಬಂದಿದ್ದಕ್ಕಿಂತ ಖಂಡಿತ ಚೆನ್ನಾಗಿರತ್ತೆ.

ಹೆಸರಿನ ಲೋಗೋನ ಟ್ರೇಡ್‌ಮಾರ್ಕ್ ರಿಜಿಸ್ಟರ್ ಮಾಡಿಸಬೇಕು ಅಂತಿದಾರೆ ಕ್ಲೈಂಟ್. ಲೋಗೋದಲ್ಲಿ ನಾಲ್ಕು ಅಕ್ಷರ, ಎರಡನ್ನ ಜೋಡಿಸಿ ತಲೆಕಟ್ಟು ಒಂದೇ ಮಾಡಿದೀನಿ. ರಿಜಿಸ್ಟ್ರೇಷನ್‌ನಲ್ಲಿ ಆ ಜೋಡಣೆಗೆ ಮಾತ್ರ ಹಕ್ಕು, ನಿಮ್ಮ ಅಕ್ಷರ ರೂಪಗಳ ಮೇಲೆ ಅಲ್ಲ, ಬೇರೆಯವರು ಇದೇ ಫಾಂಟ್ ಬಳಸಿದ್ರೆ ಇವರು ತಕರಾರು ಮಾಡೋ ಹಾಗಿಲ್ಲ, ಇದನ್ನ ಲೈಸೆನ್ಸ್‌ನಲ್ಲೇ ಬರೆಯಿರಿ, ಕ್ಲೈಂಟ್ ಸೈನ್ ಮಾಡ್ತಾರೆ, ನಾನು ಮಾತಾಡಿದೀನಿ.

ಪ್ಯಾಕ್‌ನ ಫೋಟೋ ಜಾಹೀರಾತಲ್ಲಿ, ಅಂಗಡಿ ಸ್ಟ್ಯಾಂಡ್‌ನಲ್ಲಿ, ಆನ್‌ಲೈನ್ ಶಾಪ್‌ನಲ್ಲಿ ಬರತ್ತೆ, ಅದೂ ಸೇರ್ಲಿ. ವೆಬ್‌ಫಾಂಟ್ ಸದ್ಯಕ್ಕೆ ಬೇಡ.

ಸಿಲಿಂಡರ್ ಕೆತ್ತನೆಗೆ ಮುಂದಿನ ತಿಂಗಳು 18ನೇ ತಾರೀಕು ಫೈಲ್ ಕೊಡಬೇಕು, ಅದಕ್ಕಿಂತ ಒಂದು ವಾರ ಮುಂಚೆ ನಿಮ್ಮ ಕ್ವೋಟ್ ಮತ್ತೆ ಕರಡು ಸಿಕ್ಕಿದ್ರೆ ಕ್ಲೈಂಟ್ ಸೈನ್ ಮಾಡಿ ದುಡ್ಡು ಕಳಿಸೋಕೆ ಟೈಮ್ ಇರತ್ತೆ. ಲೈಸೆನ್ಸ್ ಕೈಗೆ ಬರೋವರೆಗೂ ಒಂದು ಫೈಲೂ ಪ್ರೆಸ್‌ಗೆ ಹೋಗಲ್ಲ, ಇದು ಕ್ಲೈಂಟ್‌ಗೂ ಬರಹದಲ್ಲೇ ಹೇಳಿದೀನಿ. ನಿಮ್ಮಿಂದ ಆಗಲ್ಲ ಅನ್ನೋದಾದ್ರೂ ದಯವಿಟ್ಟು ಆ ತಾರೀಕಿನೊಳಗೆ ಹೇಳಿಬಿಡಿ, ಬೇರೆ ಅಕ್ಷರ ಹುಡುಕಬೇಕಾಗತ್ತೆ, ಹುಡುಕೋಕೆ ಮನಸ್ಸಿಲ್ಲ ಅನ್ನೋದು ಬೇರೆ ಮಾತು.

18 ಆರ್ಟ್‌ವರ್ಕ್‌ನ ಪಿಡಿಎಫ್, ಲೋಗೋ, ಆ ಮುರಿದ ಒತ್ತಿನ ಪ್ರೂಫ್‌ನ ಹತ್ತಿರದ ಫೋಟೋ, ಕ್ಲೈಂಟ್ ಕಂಪನಿಯ ವಿವರ ಎಲ್ಲ ಜೊತೆಗಿದೆ. ಫೋನಲ್ಲಿ ಮಾತಾಡೋದು ಸುಲಭ ಅಂದ್ರೆ ಇನ್ವಾಯ್ಸ್‌ನಲ್ಲಿರೋ ನಂಬರ್‌ಗೇ ಮಾಡಿ, ಮಧ್ಯಾಹ್ನದ ಮೇಲೆ ಯಾವಾಗ ಆದ್ರೂ ಸಿಗ್ತೀನಿ.

ಇಂತಿ,
ವಿದ್ಯಾ
ಪ್ಯಾಕೇಜಿಂಗ್ ಡಿಸೈನರ್