ಉಪ್ಪು ಇಳಿಸಿ, ಪೊಟ್ಯಾಸಿಯಂ ಏರಿಸಿ: ಬಿಪಿ ಇರುವವರ ಜೊತೆ ಒಂದಿಷ್ಟು ಮಾತು

ಎಲ್ಲರಿಗೂ ನಮಸ್ಕಾರ. ಕೆಲಸ ಬಿಟ್ಟು ಬಂದಿದ್ದೀರಿ, ಜಾಸ್ತಿ ಹೊತ್ತು ಕೂರಿಸುವುದಿಲ್ಲ. ನಾನು ಬಿಪಿ ಕ್ಲಿನಿಕ್‌ನಲ್ಲಿ ನರ್ಸ್. ಅಲ್ಲಿಗೆ ಬರುವವರಲ್ಲಿ ಬಹಳಷ್ಟು ಜನ ಹೇಳುವುದು ಒಂದೇ ಮಾತು: "ನಾನು ಉಪ್ಪು ತಿನ್ನೋದೇ ಕಡಿಮೆ ಸಿಸ್ಟರ್." ಅವರು ಸುಳ್ಳು ಹೇಳುತ್ತಿಲ್ಲ. ಎಷ್ಟು ತಿನ್ನುತ್ತಿದ್ದೇವೆ ಅನ್ನುವುದು ನಮಗೆ ಕಾಣುವುದೇ ಇಲ್ಲ, ಅಷ್ಟೇ. ಅದಕ್ಕೇ ಇವತ್ತು ಈ ಚಿಕ್ಕ ತೂಕದ ಯಂತ್ರ ತಂದಿದ್ದೇನೆ.

ಇದು ಟೀ ಚಮಚ. ಉಪ್ಪು ತುಂಬಿ, ಮೇಲೆ ಬೆರಳಾಡಿಸಿ ಸಮ ಮಾಡಿದ್ದೇನೆ. ಯಂತ್ರ 5 ಗ್ರಾಂ ತೋರಿಸುತ್ತಿದೆ. ಒಬ್ಬ ದೊಡ್ಡವರಿಗೆ ಇಡೀ ದಿನಕ್ಕೆ ಇದಕ್ಕಿಂತ ಕಡಿಮೆ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬೆಳಿಗ್ಗೆ ತಿಂಡಿಯಿಂದ ರಾತ್ರಿ ಊಟದವರೆಗೆ, ಹೊರಗೆ ತಿಂದದ್ದೂ ಸೇರಿ. ಈಗ ಅದೇ ಚಮಚವನ್ನು ನಾವು ಅಡುಗೆಮನೆಯಲ್ಲಿ ತೆಗೆಯುವ ಹಾಗೆ ಗುಡ್ಡೆಯಾಗಿ ತೆಗೆದಿದ್ದೇನೆ. ನೋಡಿ, 9 ಗ್ರಾಂ. ಪ್ರಪಂಚದಲ್ಲಿ ದೊಡ್ಡವರು ಸರಾಸರಿ ದಿನಕ್ಕೆ ಇದಕ್ಕಿಂತಲೂ ಜಾಸ್ತಿ, ಹತ್ತು ಗ್ರಾಂ ದಾಟಿ ತಿನ್ನುತ್ತಿದ್ದೇವೆ.

ದಿನಾ ಯಾರೂ ತೂಕ ಮಾಡುತ್ತಾ ಕೂರುವುದಿಲ್ಲ. ಅದಕ್ಕೆ ಸುಲಭದ ದಾರಿ ಇದೆ. ಹೊಸ ಉಪ್ಪಿನ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ಪೆನ್ನಿನಲ್ಲಿ ತಾರೀಖು ಬರೆಯಿರಿ. ಮನೆಯಲ್ಲಿ ನಾಲ್ಕು ಜನ ಇದ್ದರೆ, ತಲೆಗೆ 5 ಗ್ರಾಂ ಅಂದರೂ ತಿಂಗಳಿಗೆ 600 ಗ್ರಾಂ. ಒಂದು ಕೆಜಿ ಪ್ಯಾಕೆಟ್ ತಿಂಗಳಿಗೇ ಖಾಲಿಯಾದರೆ ಒಬ್ಬೊಬ್ಬರ ಪಾಲಿಗೆ 8 ಗ್ರಾಂಗಿಂತ ಜಾಸ್ತಿ ಬಂತು. ಅಂಗಡಿಯಿಂದ ತಂದು ತಿಂದದ್ದು ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಒಂದು ಕೆಜಿ ಐವತ್ತು ದಿನ ಬರುವ ಹಾಗೆ ನೋಡಿಕೊಳ್ಳಿ. ಇದರಷ್ಟು ನೇರವಾದ ಅಳತೆ ನನಗೆ ಬೇರೆ ಸಿಕ್ಕಿಲ್ಲ.

ಉಪ್ಪಿಗೂ ಬಿಪಿಗೂ ಏನು ಸಂಬಂಧ? ಉಪ್ಪಿನಲ್ಲಿರುವ ಸೋಡಿಯಂ ಮೈಯಲ್ಲಿ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ರಕ್ತದ ಪ್ರಮಾಣ ಏರುತ್ತದೆ. ಅದೇ ಪೈಪಿನಲ್ಲಿ ಜಾಸ್ತಿ ನೀರು ಬಿಟ್ಟರೆ ಒತ್ತಡ ಹೆಚ್ಚುತ್ತದಲ್ವಾ, ರಕ್ತನಾಳದ ಕಥೆಯೂ ಹಾಗೇ. ಹೆಚ್ಚಿನ ಸೋಡಿಯಂ ಹೊರಗೆ ಹಾಕಬೇಕಾದದ್ದು ಕಿಡ್ನಿ. ಆ ಕೆಲಸಕ್ಕೆ ಜೊತೆಯಾಗುವುದು ಪೊಟ್ಯಾಸಿಯಂ. ಅದು ಸೋಡಿಯಂ ಅನ್ನು ಮೂತ್ರದಲ್ಲಿ ಹೊರಗೆ ಕಳಿಸಲು ನೆರವಾಗುತ್ತದೆ, ರಕ್ತನಾಳದ ಬಿಗಿಯನ್ನೂ ಸಡಿಲ ಮಾಡುತ್ತದೆ. ಹಾಗಾಗಿ ಬರೀ "ಉಪ್ಪು ಬಿಡಿ" ಅಂತ ಹೇಳಿ ಕಳಿಸುವುದು ನನ್ನ ಪ್ರಕಾರ ಅರ್ಧ ಮಾತು. ತಟ್ಟೆಯಿಂದ ಒಂದನ್ನು ತೆಗೆದಾಗ ಇನ್ನೊಂದನ್ನು ಬಡಿಸಬೇಕು.

ಏನು ಬಡಿಸಬೇಕು? ಪೊಟ್ಯಾಸಿಯಂ ಅಂದ ಕೂಡಲೇ ಎಲ್ಲರೂ ಬಾಳೆಹಣ್ಣು ಅನ್ನುತ್ತಾರೆ. ಒಳ್ಳೆಯದೇ. ಮಧ್ಯಮ ಗಾತ್ರದ ಒಂದು ಹಣ್ಣಿನಲ್ಲಿ ಸುಮಾರು 400 ಮಿಲಿಗ್ರಾಂ ಇರುತ್ತದೆ. ಆದರೆ ಸಿಪ್ಪೆ ಸಮೇತ ಸುಟ್ಟ ಒಂದು ಆಲೂಗಡ್ಡೆಯಲ್ಲಿ ಅದರ ಎರಡು ಪಟ್ಟು ಇದೆ! ಒಂದು ಕಪ್ ಬೇಯಿಸಿದ ಮಸೂರ ಬೇಳೆಯಲ್ಲಿ 700 ಮಿಲಿಗ್ರಾಂ, ಒಂದು ಕಪ್ ಬೇಯಿಸಿದ ಪಾಲಕ್‌ನಲ್ಲಿ 800ರ ಸುಮಾರು. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು ಕನಿಷ್ಠ 3,500 ಮಿಲಿಗ್ರಾಂ. ಲೆಕ್ಕ ಹಾಕುತ್ತಾ ಕೂರಬೇಡಿ. ಎರಡು ಹೊತ್ತು ತರಕಾರಿ ಅಥವಾ ಸೊಪ್ಪು, ಒಂದು ಹೊತ್ತಾದರೂ ಕಾಳು, ದಿನಕ್ಕೆ ಎರಡು ಹಣ್ಣು, ಒಂದು ಬಟ್ಟಲು ಮೊಸರು. ಮೊಸರಿಗೆ ಉಪ್ಪು ಹಾಕಬೇಡಿ. ಇನ್ನೊಂದು ಮಾತು, ತರಕಾರಿ ಬೇಯಿಸಿದ ನೀರನ್ನು ಸಿಂಕಿಗೆ ಚೆಲ್ಲಬೇಡಿ. ಪೊಟ್ಯಾಸಿಯಂ ನೀರಿಗೆ ಇಳಿದಿರುತ್ತದೆ. ಅದರಲ್ಲೇ ಸೂಪೋ ಸಾರೋ ಮಾಡಿ.

ಈಗ ಹೇಳುವುದನ್ನು ದಯವಿಟ್ಟು ಗಮನವಿಟ್ಟು ಕೇಳಿ. ಕಿಡ್ನಿ ತೊಂದರೆ ಇರುವವರು ನಾನು ಹೇಳಿದೆ ಅಂತ ಪೊಟ್ಯಾಸಿಯಂ ಏರಿಸಬಾರದು. ಅವರ ಕಿಡ್ನಿ ಅದನ್ನು ಸರಿಯಾಗಿ ಹೊರಗೆ ಹಾಕುವುದಿಲ್ಲ. ರಕ್ತದಲ್ಲಿ ಜಾಸ್ತಿಯಾದರೆ ಹೃದಯದ ಬಡಿತವೇ ತಪ್ಪಬಹುದು, ಜೀವಕ್ಕೂ ಅಪಾಯ. ಬಿಪಿಗೆ ಲೊಸಾರ್ಟನ್, ಟೆಲ್ಮಿಸಾರ್ಟನ್, ಎನಾಲಾಪ್ರಿಲ್, ರಾಮಿಪ್ರಿಲ್ ತೆಗೆದುಕೊಳ್ಳುವವರು, ಸ್ಪೈರೊನೊಲ್ಯಾಕ್ಟೋನ್ ತೆಗೆದುಕೊಳ್ಳುವವರು ಕೂಡ ಮೊದಲು ಡಾಕ್ಟರನ್ನು ಕೇಳಿ. ಈ ಮಾತ್ರೆಗಳು ಪೊಟ್ಯಾಸಿಯಂ ಅನ್ನು ಮೈಯಲ್ಲೇ ಉಳಿಸುತ್ತವೆ. ಹಾಗಂತ ಮಾತ್ರೆ ನಿಲ್ಲಿಸಬೇಡಿ. ಪೊಟ್ಯಾಸಿಯಂ ಗುಳಿಗೆಯನ್ನು ಮಾತ್ರ ಯಾರೂ ತಾವೇ ಕೊಂಡು ನುಂಗಬೇಡಿ.

ಅಂಗಡಿಯಲ್ಲಿ "ಲೋ ಸೋಡಿಯಂ ಉಪ್ಪು" ಸಿಗುತ್ತದೆ. ಅದರಲ್ಲಿ ಸ್ವಲ್ಪ ಭಾಗ ಪೊಟ್ಯಾಸಿಯಂ ಕ್ಲೋರೈಡ್. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21,000 ಜನರ ಮೇಲೆ ನಡೆದ ಒಂದು ದೊಡ್ಡ ಅಧ್ಯಯನ 2021ರಲ್ಲಿ ಹೊರಬಂತು. ಅರ್ಧ ಹಳ್ಳಿಗಳಿಗೆ ಕಾಲು ಭಾಗ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿದ ಉಪ್ಪು ಕೊಟ್ಟಿದ್ದರು. ಅಲ್ಲಿ ಪಾರ್ಶ್ವವಾಯು 14 ಪರ್ಸೆಂಟ್ ಕಡಿಮೆಯಾಯಿತು. ಬರೀ ಉಪ್ಪು ಬದಲಿಸಿದ್ದಕ್ಕೆ! ಆದರೆ ಆಗಲೇ ಹೇಳಿದ ಕಿಡ್ನಿಯವರು, ಆ ಮಾತ್ರೆಗಳವರು, ಗರ್ಭಿಣಿಯರು ಡಾಕ್ಟರನ್ನು ಕೇಳದೆ ಅದನ್ನು ಮುಟ್ಟಬೇಡಿ. ಮಕ್ಕಳಿಗೂ ಅದು ಬೇಡ.

ಮುಂದೆ ಕೂತಿರುವ ಅಮ್ಮ ಕೇಳುತ್ತಿದ್ದಾರೆ, "ಪಿಂಕ್ ಸಾಲ್ಟ್ ಆದರೆ ಪರವಾಗಿಲ್ವಾ?" ಇಲ್ಲಮ್ಮಾ. ಅದೂ ಹೆಚ್ಚು ಕಡಿಮೆ ಪೂರ್ತಿ ಸೋಡಿಯಂ ಕ್ಲೋರೈಡೇ. ಬಣ್ಣ ಬೇರೆ, ಬೆಲೆ ಬೇರೆ. ಅಯೋಡಿನ್ ಬೆರೆಸದೇ ಇದ್ದರೆ ಅದೂ ತಪ್ಪಿಹೋಗುತ್ತದೆ.

ಕಾಣದ ಉಪ್ಪು ಎಲ್ಲಿದೆ ಅಂದರೆ ಬ್ರೆಡ್, ಬಿಸ್ಕತ್ತು, ಚಿಪ್ಸ್, ಇನ್‌ಸ್ಟಂಟ್ ನೂಡಲ್ಸ್, ಸೋಯಾ ಸಾಸ್, ಚೀಸ್, ಉಪ್ಪಿನಕಾಯಿಯಲ್ಲಿ. ಅಡುಗೆ ಸೋಡಾ ಉಪ್ಪುಪ್ಪಾಗಿ ಇರುವುದಿಲ್ಲ, ಆದರೂ ಅದರ ತುಂಬಾ ಸೋಡಿಯಂ. ನೀರಿನಲ್ಲಿ ಬುಸುಬುಸು ಅನ್ನುವ ಮಾತ್ರೆಗಳಲ್ಲೂ ಇರುತ್ತದೆ. ಈ ಪ್ಯಾಕೆಟ್ ಹಿಂದೆ ನೋಡಿ: 100 ಗ್ರಾಂಗೆ ಸೋಡಿಯಂ 800 ಮಿಲಿಗ್ರಾಂ ಅಂತ ಬರೆದಿದೆ. ಎರಡೂವರೆಯಿಂದ ಗುಣಿಸಿದರೆ ಉಪ್ಪು ಎಷ್ಟು ಅಂತ ಗೊತ್ತಾಗುತ್ತದೆ, 2 ಗ್ರಾಂ. 100 ಗ್ರಾಂಗೆ ಸೋಡಿಯಂ 600 ದಾಟಿದರೆ ಅದು ಜಾಸ್ತಿ ಅಂತಲೇ ಲೆಕ್ಕ. 120ರ ಒಳಗಿದ್ದರೆ ಕಡಿಮೆ.

ಒಂದೇ ದಿನಕ್ಕೆ ಅರ್ಧಕ್ಕೆ ಇಳಿಸಿದರೆ ಮನೆಯಲ್ಲಿ ಯಾರೂ ಊಟ ಮಾಡುವುದಿಲ್ಲ, ಗೊತ್ತು. ವಾರಕ್ಕೆ ಸ್ವಲ್ಪ ಸ್ವಲ್ಪವೇ ಇಳಿಸಿ. ನಾಲಿಗೆ ಕೆಲವು ವಾರದಲ್ಲಿ ಒಗ್ಗಿಕೊಳ್ಳುತ್ತದೆ. ಆಮೇಲೆ ಹಳೆಯ ಅಡುಗೆಯೇ ಉಪ್ಪುಪ್ಪು ಅನ್ನಿಸುತ್ತದೆ. ನಿಂಬೆರಸ, ಬೆಳ್ಳುಳ್ಳಿ, ಕಾಳುಮೆಣಸು ಕೈಗೆ ಸಿಗುವ ಹಾಗೆ ಇಡಿ. ಊಟದ ಮೇಜಿನಿಂದ ಉಪ್ಪಿನ ಡಬ್ಬಿ ಎತ್ತಿಬಿಡಿ. ಬಿಪಿ ಇರುವವರಿಗೆ ಅಂತ ಬೇರೆ ಪಾತ್ರೆ ಇಡಬೇಡಿ, ಇಡೀ ಮನೆಗೆ ಒಂದೇ ಅಡುಗೆ ಸಾಕು. ಒಬ್ಬರೇ ಸಪ್ಪೆ ತಿನ್ನಬೇಕಾದರೆ ಅದು ಹೆಚ್ಚು ದಿನ ನಡೆಯುವುದಿಲ್ಲ.

ಈಗ ಹಿಂದಿನ ಕೋಣೆಯಲ್ಲಿ ಎಲ್ಲರ ಬಿಪಿ ನೋಡುತ್ತೇವೆ. ಏರಿದ ಬಿಪಿ ಬಹಳ ಸಲ ಸುಳಿವೇ ಕೊಡುವುದಿಲ್ಲ, "ನನಗೇನೂ ಆಗಿಲ್ಲ" ಅನ್ನುವವರೂ ಬನ್ನಿ. ಅರ್ಧ ಗಂಟೆಯಿಂದೀಚೆಗೆ ಕಾಫಿ ಕುಡಿದಿದ್ದರೆ, ಸಿಗರೇಟ್ ಸೇದಿದ್ದರೆ ಕೊನೆಗೆ ಬನ್ನಿ. ಮೂತ್ರಕ್ಕೆ ಹೋಗಿ ಬಂದು, ಬೆನ್ನಿಗೆ ಆಸರೆ ಕೊಟ್ಟು ಐದು ನಿಮಿಷ ಸುಮ್ನೆ ಕೂರಿ. ಪಟ್ಟಿ ಕಟ್ಟಿದಾಗ ಮಾತಾಡಬೇಡಿ. ಎರಡು ಸಲ ನೋಡುತ್ತೇವೆ. 140/90 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಗಾಬರಿ ಬೇಡ, ಚೀಟಿ ಕೊಡುತ್ತೇವೆ, ಇನ್ನೊಂದು ದಿನ ಮತ್ತೆ ನೋಡಿಯೇ ಡಾಕ್ಟರ್ ತೀರ್ಮಾನಿಸುತ್ತಾರೆ. ಮಾತ್ರೆ ತೆಗೆದುಕೊಳ್ಳುವವರು ಅದರ ಸ್ಟ್ರಿಪ್ ತೋರಿಸಿ. ಪೊಟ್ಯಾಸಿಯಂ ವಿಷಯದಲ್ಲಿ ನೀವು ಡಾಕ್ಟರನ್ನು ಕೇಳಲೇಬೇಕಾ ಅಂತ ಅಲ್ಲೇ ನೋಡಿ ಹೇಳುತ್ತೇನೆ. ವಯಸ್ಸಾದವರು ಮೊದಲು ಬನ್ನಿ.