ನುಗ್ಗೆ ಬೀಜಕ್ಕೆ ಕೆರೆಯ ನೀರು ತಿಳಿಯಾಗುವುದೇ?

8ನೇ ತರಗತಿ, ‘ಬಿ’ ವಿಭಾಗ

# ಉದ್ದೇಶ
ಮಳೆಗಾಲದಲ್ಲಿ ನಮ್ಮೂರ ಕೆರೆಯ ನೀರು ಕೆಂಪಾಗುತ್ತದೆ. ನುಗ್ಗೆ ಬೀಜದಿಂದ ಅದು ತಿಳಿಯಾಗುವುದೇ ಎಂದು ನೋಡುವುದು.

# ವಿಧಾನ
ಒಂದೇ ಕೊಡದ ನೀರನ್ನು ಎರಡು ಗಾಜಿನ ಜಾಡಿಗಳಿಗೆ ಒಂದೊಂದು ಲೀಟರ್ ಸುರಿದೆವು. ಒಣಗಿದ 2 ಬೀಜಗಳ ಸಿಪ್ಪೆ ಸುಲಿದು, ಕುಟ್ಟಿ, ನೀರಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ ‘ಆ’ ಜಾಡಿಗೆ ಹಾಕಿದೆವು. ‘ಅ’ ಜಾಡಿಗೆ ಏನೂ ಹಾಕಲಿಲ್ಲ. ಹೋಲಿಕೆಗೆ ಅದು ಬೇಕೇ ಬೇಕು. ಎರಡನ್ನೂ ಸಮನಾಗಿ ಕಲಕಿದೆವು.

# ಫಲಿತಾಂಶ (2 ಗಂಟೆಗಳ ಬಳಿಕ)
‘ಅ’: ಹಿಂದಿಟ್ಟ ಕಾಗದದ ಅಕ್ಷರ ಕಾಣಲಿಲ್ಲ.
‘ಆ’: ಅಕ್ಷರ ಓದಲು ಬಂತು! ತಳದಲ್ಲಿ ಒಡೆದ ಹಾಲಿನಂತೆ ಕೆಸರಿನ ಗರಣೆ.

# ಕಾರಣ
ಬೀಜದ ಪ್ರೋಟೀನಿನದು ಧನ ಆವೇಶ, ಮಣ್ಣಿನ ಕಣಗಳದು ಋಣ ಆವೇಶ. ಒಂದಕ್ಕೊಂದು ಅಂಟಿ, ಭಾರವಾಗಿ ತಳಕ್ಕಿಳಿಯುತ್ತವೆ.

# ಎಚ್ಚರ!
ತಿಳಿ ನೀರೆಲ್ಲ ಶುದ್ಧವಲ್ಲ. ಕುದಿಸಿಯೇ ಕುಡಿಯಿರಿ.