ಡೆಸ್ಕ್ ಬಿಡುವ ನೋಟಿಸ್, ಡಿಪಾಸಿಟ್ ವಾಪಸ್ ಕೋರಿ

ಕಲಬುರಗಿ
29 ಆಗಸ್ಟ್ 2025, ಶುಕ್ರವಾರ

ಇವರಿಗೆ,
ಮಾಲೀಕರು,
ಕೋ-ವರ್ಕಿಂಗ್ ಆಫೀಸು, ಎರಡನೇ ಮಹಡಿ,
ಸ್ಟೇಷನ್ ರೋಡ್, ಕಲಬುರಗಿ

ವಿಷಯ: 7ನೇ ನಂಬರ್ ಡೆಸ್ಕ್ 30 ಸೆಪ್ಟೆಂಬರ್ 2025ಕ್ಕೆ ಬಿಡುವುದು, ₹12,000 ಡಿಪಾಸಿಟ್ ಲೆಕ್ಕ

ಕಾಕಾ, ನಮಸ್ಕಾರ.

ಎದುರಿಗೆ ಕಾಕಾ ಅಂತಲೇ ಕರೆಯುತ್ತೇನೆ, ಕಾಗದದಲ್ಲಿ ಮಾತ್ರ 'ಮಾನ್ಯರೇ' ಅಂತ ಬರೆಯಲು ಕೈ ಬರಲಿಲ್ಲ. ಆದರೆ ಇದನ್ನು ನೋಟಿಸ್ ಅಂತಲೇ ತಿಳಿಯಿರಿ. ನಮ್ಮ ಕರಾರಿನ ಪ್ರಕಾರ ಡೆಸ್ಕ್ ಬಿಡುವವರು 30 ದಿನ ಮೊದಲು ಬರೆದು ಕೊಡಬೇಕು. ಇವತ್ತಿನಿಂದ ಸೆಪ್ಟೆಂಬರ್ 30ಕ್ಕೆ 32 ದಿನ ಆಗುತ್ತವೆ. ಆ ಮಂಗಳವಾರ ಸಂಜೆ 6 ಗಂಟೆಗೆ ನಾನು 7ನೇ ನಂಬರ್ ಡೆಸ್ಕ್ ಖಾಲಿ ಮಾಡುತ್ತೇನೆ. ಅಕ್ಟೋಬರ್ 1ರಿಂದ ನನ್ನ ಮೆಂಬರ್‌ಶಿಪ್ ಇರುವುದಿಲ್ಲ, ಆ ತಿಂಗಳ ಬಿಲ್ ಮಾಡಬೇಡಿ.

ಬಿಡುವ ಕಾರಣ ನಿಮಗೆ ಅರ್ಧ ಗೊತ್ತೇ ಇದೆ. ನಾನು ಲೆಕ್ಕ ಬರೆಯುವ ದಾಲ್ ಮಿಲ್‌ನವರು ಕಪನೂರಿನಲ್ಲಿ ತಮ್ಮ ಮಿಲ್ಲಿನೊಳಗೇ ಒಂದು ರೂಮ್ ಕೊಟ್ಟಿದ್ದಾರೆ. ಹೊಸ ತೊಗರಿ ಬರಲು ಶುರುವಾದರೆ ದಿನಕ್ಕೆ ಎರಡು ಸಲ ಬಿಲ್ ಬುಕ್ ಹಿಡಿದು ಅಲ್ಲಿಗೂ ಇಲ್ಲಿಗೂ ಓಡಾಡೋದು ನನ್ನಿಂದ ಆಗುವುದಿಲ್ಲ. ನಿಮ್ಮ ಜಾಗದ ಮೇಲೆ ನನಗೆ ಬೇಸರ ಏನೂ ಇಲ್ಲ. ಮೇ ತಿಂಗಳ ಬಿಸಿಲಲ್ಲಿ ಕರೆಂಟ್ ಹೋದಾಗ ನಿಮ್ಮ ಯು.ಪಿ.ಎಸ್. ಕೈ ಹಿಡಿದಿದ್ದಕ್ಕೆ ಎಷ್ಟು ರಿಟರ್ನ್ ಸರಿಯಾದ ಸಮಯಕ್ಕೆ ಹೋಗಿವೆ ಅಂತ ನನಗೊಬ್ಬಳಿಗೇ ಗೊತ್ತು.

ಇನ್ನು ದುಡ್ಡಿನ ಮಾತು.

ಡಿಪಾಸಿಟ್ ಒಟ್ಟು ₹12,000. 2023ರ ಮೇ 29ರಂದು ಕೊಟ್ಟಿದ್ದು. ಅದರಲ್ಲಿ ₹10,000 ನನ್ನ ಬ್ಯಾಂಕ್ ಖಾತೆಯಿಂದ ನಿಮ್ಮ ಖಾತೆಗೆ ಬಂದಿದೆ. ಉಳಿದ ₹2,000 ನಗದು. ನೆನಪಿದೆಯಾ ಕಾಕಾ? ಎರಡು ಸಾವಿರದ ಒಂದೇ ಗುಲಾಬಿ ನೋಟು ಕೊಟ್ಟಿದ್ದೆ. ಆ ನೋಟು ವಾಪಸ್ ತಗೊಳ್ತಾರೆ ಅಂತ ರಿಸರ್ವ್ ಬ್ಯಾಂಕ್ ಹೇಳಿ ಹತ್ತು ದಿನ ಆಗಿತ್ತು. ನೀವು ಅದನ್ನು ಟ್ಯೂಬ್‌ಲೈಟ್‌ಗೆ ಹಿಡಿದು ನೋಡಿ, "ಇದನ್ನ ನನ್ನ ಕೊರಳಿಗೆ ಕಟ್ಟಾಕತ್ತಿ ಏನವಾ" ಅಂತ ನಕ್ಕಿದ್ದಿರಿ. ರಸೀದಿಯಲ್ಲಿ ಎರಡೂ ಸೇರಿಸಿ ₹12,000 ಅಂತ ನಿಮ್ಮ ಕೈಬರಹದಲ್ಲೇ ಇದೆ. ಅದರ ಜೆರಾಕ್ಸ್ ಇದಕ್ಕೆ ಪಿನ್ ಮಾಡಿದ್ದೇನೆ.

ಸೆಪ್ಟೆಂಬರ್ ಬಾಡಿಗೆಯನ್ನು ಡಿಪಾಸಿಟ್‌ನಲ್ಲಿ ಮುರಿದುಕೊಳ್ಳಿ ಅಂತ ನಾನು ಹೇಳುವುದಿಲ್ಲ. ಎಲ್ಲರೂ ಹಾಗೇ ಮಾಡ್ತಾರೆ, ಆಮೇಲೆ ಲೆಕ್ಕ ಗೋಜಲಾಗುತ್ತದೆ. ವಾಪಸ್ ಕೊಡುವ ಡಿಪಾಸಿಟ್‌ಗೆ ಜಿ.ಎಸ್.ಟಿ. ಇಲ್ಲ. ಅದನ್ನು ಬಾಡಿಗೆಗೆ ಹಿಡಿದುಕೊಂಡ ದಿನ ಮಾತ್ರ ತೆರಿಗೆ ಬರುತ್ತದೆ, ಬಿಲ್ ಹಾಕಬೇಕಾಗುತ್ತದೆ. ಅದಕ್ಕೇ ಎರಡನ್ನೂ ಬೇರೆ ಬೇರೆ ಇಡೋಣ. ಸೆಪ್ಟೆಂಬರ್‌ನ ₹4,000, ಅದರ ಮೇಲೆ 18% ಅಂದರೆ ₹720, ಒಟ್ಟು ₹4,720 ಎಂದಿನಂತೆ 5ನೇ ತಾರೀಕಿನೊಳಗೆ ಕಳಿಸುತ್ತೇನೆ. ಆಗಸ್ಟ್‌ವರೆಗೆ ಒಂದು ರೂಪಾಯಿಯೂ ಬಾಕಿ ಇಲ್ಲ.

ನನ್ನಿಂದ ಆದ ಹಾಳು ಎರಡು ಇವೆ, ಅವನ್ನು ನಾನೇ ಹೇಳಿಬಿಡುತ್ತೇನೆ. ಟೇಬಲ್ಲಿನ ಎಡಗಡೆ ಅಂಚಿನಲ್ಲಿ ಎಂಟಾಣೆ ಅಗಲ ಸನ್‌ಮೈಕಾ ಎದ್ದಿದೆ. ನನ್ನ ಸ್ಟೀಲ್ ಬುತ್ತಿ ಡಬ್ಬಿ ಜಾರಿ ಬಿದ್ದಿದ್ದು. ಬಡಿಗೇರರನ್ನು ಕೇಳಿದೆ, ₹350 ಅಂದರು. ಲಾಕರಿನ ಎರಡು ಕೀಲಿಗಳಲ್ಲಿ ಒಂದನ್ನು ಕಳೆದಿದ್ದೇನೆ, ಅದಕ್ಕೆ ₹100. ಇಷ್ಟು ₹450 ಮುರಿದುಕೊಂಡು ₹11,550 ಕೊಡಿ.

ಕುರ್ಚಿಯ ಮಾತು ಬೇರೆ. ಕೌಂಟರಿನ ಹುಡುಗ ಮೊನ್ನೆ, "ಅಕ್ಕಾ, ಕುರ್ಚಿ ಕೈ ಮುರದೀರಿ, ಸಾವಿರದ ಎಂಟ್ನೂರು ಹಿಡೀತಾರ" ಅಂದ. ನಾನು ಬಂದ ದಿನವೇ ಆ ಬಲಗೈಗೆ ಕಂದು ಟೇಪ್ ಸುತ್ತಿತ್ತು. 2023ರ ಜೂನ್ 1ರಂದು ಡೆಸ್ಕ್ ಸಿಕ್ಕ ಖುಷಿಗೆ ತೆಗೆದ ಫೋಟೋದಲ್ಲಿ ಟೇಪಿನ ತುದಿ ಬಾಲದ ಹಾಗೆ ಜೋತಾಡುತ್ತಿದೆ. ಸುಮ್ನೆ ತೆಗೆದ ಫೋಟೋ, ಈಗ ಕೆಲಸಕ್ಕೆ ಬಂತು. ವಾಟ್ಸಾಪಿನಲ್ಲಿ ಕಳಿಸಿದ್ದೇನೆ, ನೋಡಿ. ಇದು ನನ್ನ ಲೆಕ್ಕಕ್ಕೆ ಬರುವುದಿಲ್ಲ ಕಾಕಾ.

ಇನ್ನೊಂದು ಮಾತು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಾಗಿದೆ. ಹೋದ ವಾರ ಫೋನಿನಲ್ಲಿ, ಆ ಡೆಸ್ಕಿಗೆ ಹೊಸಬರು ಬಂದ ಮೇಲೆ ಡಿಪಾಸಿಟ್ ಕೊಡ್ತೀನಿ ಅಂದಿರಿ. ನಮ್ಮ ಕರಾರಿನಲ್ಲಿ ಹಾಗಿಲ್ಲ. ಖಾಲಿ ಮಾಡಿದ 15 ದಿನದೊಳಗೆ ಅಂತ ಇದೆ, ಕೆಳಗೆ ಇಬ್ಬರ ಸಹಿಯೂ ಇದೆ. ಹೊಸಬರು ನಾಳೆಯೇ ಬರಬಹುದು, ಯುಗಾದಿಗೂ ಬರಬಹುದು. ಅವರು ಬರೋದು ಬಿಡೋದು ನನ್ನ ಕೈಯಲ್ಲಿಲ್ಲ ಅಲ್ವಾ? ನನ್ನ ಪಕ್ಕದ ಡೆಸ್ಕಿನವರು ಬಿಟ್ಟು ಹೋದ ಮೇಲೆ ಎಷ್ಟು ಸಲ ಮೆಟ್ಟಿಲು ಹತ್ತಿ ಬಂದರು ಅಂತ ಅಲ್ಲೇ ಕುಳಿತು ನೋಡಿದ್ದೇನೆ. ನಮ್ಮ ನಡುವೆ ಅದು ಬೇಡ.

15 ದಿನ ಅಂದರೆ ಅಕ್ಟೋಬರ್ 15. ಮಂಗಳವಾರ, ಶುಕ್ರವಾರ ನೀವು ಗಲ್ಲಾದಿಂದ ದುಡ್ಡು ತೆಗೆಯುವುದಿಲ್ಲ ಅಂತ ಗೊತ್ತು. 15ನೇ ತಾರೀಕು ಬುಧವಾರ ಬರುತ್ತದೆ, ಕ್ಯಾಲೆಂಡರ್ ನೋಡಿಯೇ ಬರೆದಿದ್ದೇನೆ. ಬಾಡಿಗೆ ಬರುತ್ತಿದ್ದ ಅದೇ ನನ್ನ ಖಾತೆಗೆ ಹಾಕಿ. ನಗದು ಬೇಡ. ಅಷ್ಟರೊಳಗೆ ಬರದಿದ್ದರೆ ಮತ್ತೊಮ್ಮೆ ಬರವಣಿಗೆಯಲ್ಲೇ ಕೇಳಬೇಕಾಗುತ್ತದೆ. ಆ ಕಾಗದವನ್ನು ವಕೀಲರ ಕೈಯಿಂದ ಬರೆಸುವ ಹಾಗೆ ಆಗದಿರಲಿ.

ನನ್ನ ಜಿ.ಎಸ್.ಟಿ. ನೋಂದಣಿಯಲ್ಲಿ ನಿಮ್ಮ ಆಫೀಸಿನ ವಿಳಾಸವೇ ಇದೆ. ನೀವು ಕೊಟ್ಟ ಒಪ್ಪಿಗೆ ಪತ್ರದ ಮೇಲೆ ಮಾಡಿಸಿದ್ದು. ವಿಳಾಸ ಬದಲಾದ 15 ದಿನದೊಳಗೆ ಪೋರ್ಟಲ್‌ನಲ್ಲಿ ತಿದ್ದುಪಡಿಗೆ ಅರ್ಜಿ ಹಾಕಬೇಕು, ನಾನು ಅಕ್ಟೋಬರ್ ಮೊದಲ ವಾರದಲ್ಲೇ ಹಾಕುತ್ತೇನೆ. ಆ ತಿಂಗಳು ನನ್ನ ಹೆಸರಿಗೆ ಅಂಚೆ ಏನಾದರೂ ಬಂದರೆ ಕೌಂಟರಿನಲ್ಲಿ ಇಡಿಸಿ, ಹುಡುಗನಿಂದ ಒಂದು ಫೋನ್ ಮಾಡಿಸಿ. ಬಾಗಿಲ ಹತ್ತಿರದ ಬೋರ್ಡಿನಿಂದ ನನ್ನ ಹೆಸರಿನ ಪಟ್ಟಿಯನ್ನು ನಾನೇ ತೆಗೆಯುತ್ತೇನೆ. ಬಾಗಿಲಿನ ಕಾರ್ಡು, ಉಳಿದ ಒಂದು ಕೀಲಿ ಅವತ್ತೇ ನಿಮ್ಮ ಕೈಗೆ ಕೊಡುತ್ತೇನೆ.

ಡೆಸ್ಕ್ ನೋಡಲು ಯಾರಾದರೂ ಬರುವುದಿದ್ದರೆ ಕರೆತನ್ನಿ, ನನ್ನ ಅಭ್ಯಂತರ ಇಲ್ಲ. 11 ಮತ್ತು 20ನೇ ತಾರೀಕು ಮಾತ್ರ ಬೇಡ, ಅವು ನನಗೆ ರಿಟರ್ನ್ ಕಟ್ಟುವ ದಿನ, ತಲೆ ಎತ್ತಲೂ ಪುರಸೊತ್ತು ಇರುವುದಿಲ್ಲ. 17ಕ್ಕೆ ಕಲ್ಯಾಣ ಕರ್ನಾಟಕ ಉತ್ಸವದ ರಜೆ, ಅವತ್ತು ನಾನು ಇರುವುದಿಲ್ಲ, ಆರಾಮಾಗಿ ತೋರಿಸಬಹುದು. ಕಿಟಕಿ ಪಕ್ಕದ ಜಾಗ ಅಂತ ಬಾಡಿಗೆ ಜಾಸ್ತಿ ಹೇಳುವ ಮುಂಚೆ ಮಧ್ಯಾಹ್ನ ಮೂರಕ್ಕೆ ಅಲ್ಲಿ ಬೀಳುವ ಬಿಸಿಲಿಗೊಂದು ಪರದೆ ಹಾಕಿಸಿ. ಎರಡು ವರ್ಷದಿಂದ ನಾನು ಹಳೇ ದುಪಟ್ಟಾ ಕಟ್ಟಿಕೊಂಡು ಕುಳಿತಿದ್ದೇನೆ. ಅದನ್ನು ಬಿಟ್ಟು ಹೋಗುತ್ತೇನೆ, ಬೇಕಾದರೆ ಇಟ್ಟುಕೊಳ್ಳಿ.

30ರಂದು ಸಂಜೆ ನೀವೇ ಬಂದರೆ ಒಳ್ಳೆಯದು. ಇಬ್ಬರೂ ನಿಂತು ಡೆಸ್ಕ್ ನೋಡಿ, ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿಬಿಡೋಣ. ಈ ಪತ್ರದ ಎರಡು ಪ್ರತಿ ಕೊಟ್ಟಿದ್ದೇನೆ. ಒಂದರ ಮೇಲೆ 'ಮುಟ್ಟಿದೆ' ಅಂತ ಬರೆದು, ತಾರೀಕು ಹಾಕಿ, ಸಹಿ ಮಾಡಿ ಹುಡುಗನ ಕೈಯಲ್ಲಿ ವಾಪಸ್ ಕಳಿಸಿ. ಇದರ ಫೋಟೋ ಕೂಡ ವಾಟ್ಸಾಪಿನಲ್ಲಿ ಹಾಕಿದ್ದೇನೆ.

ಕಾಕೂಗೆ ನಮಸ್ಕಾರ ತಿಳಿಸಿ.

ಇಂತಿ,
ಸುಜಾತಾ
(ಸಹಿ)
7ನೇ ನಂಬರ್ ಡೆಸ್ಕ್

ಜೊತೆಗೆ: ಡಿಪಾಸಿಟ್ ರಸೀದಿಯ ಜೆರಾಕ್ಸ್, ಕರಾರಿನ ಎರಡನೇ ಪುಟದ ಜೆರಾಕ್ಸ್